ಗೋಡೆಯ ಮೇಲಿನ ಇನ್ನೊಂದು ಮುಖ

ಆ ಮನೆಯ ಸೊಸೆಗೆ ಸಿಟ್ಟು ಬಂದರೆ ಅವಳು ಮಾತಾಡುತ್ತಿರಲಿಲ್ಲ, ಪಾತ್ರೆಗಳು ಮಾತಾಡುತ್ತಿದ್ದವು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲೆಂದು ನರ್ಸ್ ಕೆಲಸ ಬಿಟ್ಟವಳು ಅವಳು. ಅತ್ತೆ ತೀರಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಸೇರಬೇಕೆಂದರೆ ಈ ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. ಒಲೆಯ ಮೇಲೆ ಹಾಲಿಟ್ಟು, ಪಕ್ಕದಲ್ಲಿ ಪುಸ್ತಕವಿಟ್ಟು, ಎರಡನ್ನೂ ಕಾಯುತ್ತ ಓದಿದ್ದಳು. ಈಗ ನೋಡಿದರೆ ಪರೀಕ್ಷೆಗಿಂತ ಮೊದಲು ಫೋಟೋ ಪಾಸಾಗಬೇಕಂತೆ! ಲಾಗಿನ್ ಮುಚ್ಚಲು ಸ್ವಲ್ಪವೇ ಹೊತ್ತು ಉಳಿದಿತ್ತು.

ಮೊದಲ ಫೋಟೋದಲ್ಲಿ ಟ್ಯೂಬ್‌ಲೈಟು ಕನ್ನಡಕದ ಮೇಲೆ ಹೊಳೆದು ಕಣ್ಣೇ ಕಾಣಲಿಲ್ಲ. ಕನ್ನಡಕ ತೆಗೆದಿಟ್ಟಳು. ಆಗ ಪರದೆ ಮಂಜಾಯಿತೆಂದು ಮುಂದೆ ಬಗ್ಗಿದ್ದಕ್ಕೆ ಹಣೆ ಚೌಕಟ್ಟಿನಿಂದ ಆಚೆ ಹೋಯಿತು. ಆ ಕಡೆ ಫೋಟೋ ಪರಿಶೀಲಿಸುತ್ತಿದ್ದವರು ಅದೂ ಬೇಡವೆಂದರು. ಹಿಂದೆ ಸರಿದು ನೆಟ್ಟಗೆ ಕೂತು ಮತ್ತೊಂದು ತೆಗೆದರೆ, ಅವರ ಸಂದೇಶ ಬಂತು: ‘ಹಿನ್ನೆಲೆಯಲ್ಲಿ ಇನ್ನೊಬ್ಬರ ಮುಖವಿದೆ. ಇದು ಕೊನೆಯ ಅವಕಾಶ.’

ತಿರುಗಿ ನೋಡಿದಳು. ಗೋಡೆಯ ಮೇಲೆ, ದಪ್ಪ ಮರದ ಚೌಕಟ್ಟಿನೊಳಗೆ, ಅತ್ತೆ!

ಇಂಟರ್ನೆಟ್ ಸಿಗುತ್ತಿದ್ದದ್ದು ಆ ಕೋಣೆಯಲ್ಲಿ ಮಾತ್ರ. ಲ್ಯಾಪ್‌ಟಾಪನ್ನು ಎದುರು ಬದಿಗೆ ತಿರುಗಿಸಿ ನೋಡಿದಳು. ಕಿಟಕಿ ಬೆನ್ನಿಗೆ ಬಂದು ಮುಖ ಇದ್ದಿಲಿನಂತೆ ಕಪ್ಪಾಯಿತು. ಮತ್ತೆ ಇತ್ತ ತಿರುಗಿಸಿ ಕೂಗಿದಳು.

“ರೀ, ಈ ಫೋಟೋ ಇಳಿಸಿ ಬೇಗ.”

ಗಂಡ ಬಂದ, ಅವನ ಹಿಂದೆಯೇ ಮಾವ.

“ಅವಳನ್ನ ಅಲ್ಲಿಂದ ಇಳಿಸ್ಬೇಡಿ,” ಎಂದರು ಮಾವ.

“ಬೆಡ್‌ಶೀಟ್ ಮುಚ್ಚೋಣ,” ಎಂದ ಗಂಡ.

“ನಿಮ್ಮಮ್ಮನ ಮುಖಕ್ಕೆ ಇನ್ನೊಂದ್ಸಲ ಬಟ್ಟೆ ಮುಚ್ತೀಯೇನೋ?”

ಗಂಡ ತಲೆ ಕೆರೆದುಕೊಂಡ. ಈ ಮನುಷ್ಯನಿಗೆ ಅಪ್ಪನೆದುರು ನಾಲಗೆ ಬಿದ್ದುಹೋಗುವುದು ಹೊಸದೇನಲ್ಲ. “ಹೋಗ್ಲಿ ಬಿಡು, ಮುಂದಿನ ಸಲ ಬರೆದ್ರಾಯ್ತು,” ಎಂದ.

ಸೊಸೆಗೆ ಮೈಯೆಲ್ಲ ಉರಿಯಿತು. ಮುಂದಿನ ಸಲವಂತೆ! ಇದೇ ಬಾಯಿ ಅವಳ ಕೆಲಸ ಬಿಡಿಸುವಾಗಲೂ ‘ಸ್ವಲ್ಪ ದಿನ ಅಷ್ಟೆ’ ಎಂದಿತ್ತು. ಅವಳು ಕುರ್ಚಿ ಎಳೆದು ಹತ್ತಿದಳು. ಚೌಕಟ್ಟನ್ನು ಎರಡು ಕೈಯಲ್ಲೂ ಎತ್ತಿ, ಜೋಪಾನವಾಗಿಯೇ ಇಳಿಸಿ, ಮಾವನ ತೋಳಿಗೆ ಕೊಟ್ಟಳು.

“ಹಿಡ್ಕೊಳ್ಳಿ ಮಾವ. ಇವರನ್ನ ದಿನಾ ಎತ್ತಿ ಕೂರಿಸಿದ್ದು ನಾನು, ಮಲಗಿಸಿದ್ದು ನಾನು. ಆಗ ನಿಮ್ಮಿಬ್ರಿಗೂ ಸೊಂಟನೋವು. ಇವತ್ತೊಂದಿನ ನೀವು ಹಿಡ್ಕೊಂಡು ನೋಡಿ.”

ಇಬ್ಬರನ್ನೂ ಆಚೆ ಕಳಿಸಿ ಚಿಲಕ ಹಾಕಿ ಕೂತಳು. ಬೆಳಕು ಎದುರಿನಿಂದ ಬೀಳುತ್ತಿತ್ತು, ಹಿಂದೆ ಬೋಳು ಗೋಡೆ, ಹಣೆಯಿಂದ ಗದ್ದದವರೆಗೆ ಮುಖ ಚೌಕಟ್ಟಿನ ನಡುವೆ. ಒತ್ತಿದಳು.

ಫೋಟೋ ಒಪ್ಪಿಗೆಯಾಯಿತು. ಅದರಲ್ಲಿ ಅವಳ ಕಣ್ಣುಗಳು ಕೆಂಡವಾಗಿದ್ದವು. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

“ಭಾರ ಇದೆಯಮ್ಮಾ, ಎಲ್ಲಿಡ್ಲಿ ಇದನ್ನ?” ಎಂದು ಬಾಗಿಲಾಚೆಯಿಂದ ಮಾವನ ದನಿ ಬಂತು.

ಅವಳು ಕನ್ನಡಕ ಹಾಕಿಕೊಂಡು ಮೊದಲ ಪ್ರಶ್ನೆ ಓದಿದಳು.