ಮೇಜಿನ ಹೊರಗೆ ಚಾಚಿದ ಕಾಲು

ಕುರ್ಚಿ ಮೇಜಿನ ಹಿಂದೆ ಇರುತ್ತದೆ, ಪಕ್ಕದಲ್ಲಲ್ಲ. ಮುಧೋಳದ ಹತ್ತಿರದ ಆ ಖಾಸಗಿ ಕಾಲೇಜಿನಲ್ಲಿ ಸಂದರ್ಶನದ ಕೋಣೆಗೆ ಕಾಲಿಟ್ಟಾಗ ನನಗೆ ಮೊದಲು ಕಂಡದ್ದು ಅದಕ್ಕೆ ತಪ್ಪಿದ ಒಂದು ಕುರ್ಚಿ. ಪ್ರಾಚಾರ್ಯರ ಕುರ್ಚಿ, ನನ್ನ ಕುರ್ಚಿ ಎರಡೂ ಮೇಜಿನ ಹಿಂದಿದ್ದವು. ಸಂಸ್ಥೆಯ ಅಧ್ಯಕ್ಷ ಮಾತ್ರ ತನ್ನ ಕುರ್ಚಿಯನ್ನು ಮೇಜಿನ ಬದಿಗೆ ಎಳೆದುಕೊಂಡು, ಬಾಗಿಲ ಕಡೆಗೆ ಕಾಲು ಚಾಚಿ ಕುಳಿತಿದ್ದ. ಸೆಕೆಗೆ ಫ್ಯಾನಿನ ಕೆಳಗೆ ಕೂತಿರಬೇಕು ಅಂದುಕೊಂಡೆ.

ನಾನು ಜಮಖಂಡಿಯಲ್ಲಿ ಗಣಿತ ಕಲಿಸುವವಳು. ಅವತ್ತು ಅಲ್ಲಿಗೆ ಗಣಿತ ಉಪನ್ಯಾಸಕರನ್ನು ಆರಿಸಲು ವಿಷಯತಜ್ಞೆಯಾಗಿ ಹೋಗಿದ್ದೆ. ಅಧ್ಯಕ್ಷನಿಗೆ ಮೂವತ್ತು ದಾಟಿದ್ದರೆ ಹೆಚ್ಚು. ಅಪ್ಪ ಕಟ್ಟಿದ ಸಂಸ್ಥೆಗೆ ಆಗಷ್ಟೇ ಬಂದು ಕೂತಿದ್ದ.

ಮೊದಲ ಹುಡುಗ ಬಾಗಿಲಲ್ಲಿ ನಿಂತು “ಮೇ ಐ ಕಮಿನ್ ಸರ್” ಅಂದ. ಒಳಗೆ ಬಂದವನು ನೆಟ್ಟಗೆ ಹೋಗಿ ಅಧ್ಯಕ್ಷನ ಕಾಲು ಮುಟ್ಟಿದ. ಎರಡನೆಯವಳೂ ಹಾಗೇ ಮಾಡಿದಳು. ಮೂರನೆಯವನು ಮೇಜಿನ ಆಚೆ ಕೂತ ನಮ್ಮಿಬ್ಬರನ್ನು ನೋಡಲೇ ಇಲ್ಲ. ಆಗ ನನಗೆ ಕುರ್ಚಿಯ ಗುಟ್ಟು ತಿಳಿಯಿತು. ಒಳಗೆ ಹೋದ ಕೂಡಲೇ ಕಾಲು ಮುಟ್ಟಬೇಕೆಂದು ಹೊರಗೆ ಕೂತವರಿಗೆ ಸಿಪಾಯಿ ಮೊದಲೇ ಹೇಳಿಟ್ಟಿದ್ದನಂತೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಅನ್ನುತ್ತಾರಲ್ಲ, ಇವನು ಕಾಲು ಚಾಚಿದ್ದ.

ಕಾಲಿಗೆ ಬೀಳುವುದು ನಮ್ಮ ಕಡೆ ಹೊಸತಲ್ಲ. ಪರೀಕ್ಷೆಗೆ ಹೊರಟ ಮಕ್ಕಳು ನನ್ನ ಕಾಲೂ ಮುಟ್ಟುತ್ತಾರೆ. ಆದರೆ ಅದಕ್ಕೊಂದು ಕ್ರಮವಿದೆ. ಮಠದ ಸ್ವಾಮಿಗಳ ಮಾತು ಬೇರೆ, ಉಳಿದಂತೆ ಹಿರಿಯರು ಕಿರಿಯರ ಕಾಲು ಮುಟ್ಟುವುದಿಲ್ಲ. ಮುಟ್ಟಿಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಕಿರಿಯರೇ ಹಿಂದೆ ಸರಿಯುತ್ತಾರೆ.

ಆಮೇಲೆ ಬಂದವರು ರಬಕವಿಯ ಕಡೆಯ ಒಬ್ಬ ಅತಿಥಿ ಉಪನ್ಯಾಸಕರು. ತಲೆ ಪೂರ್ತಿ ನರೆತಿತ್ತು. “ಒಳಗ ಬರ್ಲೇನ್ರಿ?” ಎಂದು ಕೇಳಿ, ಬಂದು, ಎದೆಯ ಮುಂದೆ ಕೈ ಜೋಡಿಸಿ, ಮೊದಲು ಅಧ್ಯಕ್ಷನಿಗೆ, ಆಮೇಲೆ ನನಗೆ, ಆಮೇಲೆ ಪ್ರಾಚಾರ್ಯರಿಗೆ ಒಬ್ಬೊಬ್ಬರ ಮುಖ ನೋಡಿ “ನಮಸ್ಕಾರ್ರಿ” ಎಂದರು. ಆ ಬೆಳಿಗ್ಗೆ ನನಗೆ ನಮಸ್ಕಾರ ಹೇಳಿದ ಮೊದಲ ಅಭ್ಯರ್ಥಿ ಅವರು.

ಅಧ್ಯಕ್ಷ ಪ್ರತಿನಮಸ್ಕಾರ ಮಾಡಲಿಲ್ಲ. ಕಾಲನ್ನು ಒಳಗೆಳೆದುಕೊಳ್ಳಲೂ ಇಲ್ಲ. ಕೂಡಲು ಹೇಳದೆ ಕೂಡಬಾರದೆಂದು ಅವರು ನಿಂತೇ ಇದ್ದರು. ಪ್ರಾಚಾರ್ಯರು ಕಾಗದದಲ್ಲಿ ಮುಖ ಹುದುಗಿಸಿದರು. ನನಗೆ ಮೈಯೆಲ್ಲ ಉರಿಯಿತು.

“ಕುಂದರ್ರಿ ಸರ್,” ಎಂದೆ ನಾನೇ.

ಅವರು ಪಾಠ ಮಾಡಿ ತೋರಿಸಿದರು. ಉಳಿದವರು ಸೂತ್ರ ಬರೆದು ಲೆಕ್ಕ ಬಿಡಿಸಿದ್ದರು, ಇವರು ಸೂತ್ರ ಯಾಕೆ ಬೇಕಾಯಿತು ಎಂಬಲ್ಲಿಂದ ಶುರು ಮಾಡಿದರು. ಅವರಿಗೂ ಉಳಿದವರಿಗೂ ಹೋಲಿಕೆಯೇ ಇರಲಿಲ್ಲ.

ಅವರು ಹೊರಗೆ ಹೋದ ಮೇಲೆ ಅಧ್ಯಕ್ಷ ಹೇಳಿದ, “ಕಲಿಸೂದು ಛಲೋ ಐತ್ರಿ, ಖರೆ. ಆದ್ರ ಸಂಸ್ಕಾರ ಇಲ್ಲ. ಬಂದ ಕೂಡ್ಲೆ ಗೊತ್ತಾಗ್ತೈತಿ.”

“ಮೂರೂ ಮಂದಿಗೆ ಕೈ ಮುಗದ್ರಲ್ರೀ. ಇನ್ನೇನ ಸಂಸ್ಕಾರ ಬೇಕ್ರಿ?” ಎಂದೆ.

“ಕೈ ಎಲ್ಲಾರೂ ಮುಗೀತಾರ ಬಿಡ್ರಿ.”

“ಅವರು ನಿಮ್ಮ ಕಾಕಾನ ವಯಸ್ಸಿನವರ್ರೀ. ಖರೆ ಅಂದ್ರ ನೀವ ಏಳಬೇಕಿತ್ತು.” ಸಿಟ್ಟು ನೆತ್ತಿಗೇರಿತ್ತು, ದನಿ ಬಾಗಿಲಾಚೆಗೂ ಕೇಳಿಸಿರಬೇಕು. “ಇವರನ್ನ ಬಿಟ್ಟು ಬ್ಯಾರೆ ಯಾರನ್ನರ ತೊಗೊಂಡ್ರ ನಾ ಸಹಿ ಮಾಡೂದಿಲ್ಲ.”

ಅಧ್ಯಕ್ಷ ನಕ್ಕ. ಸಿಪಾಯಿಗೆ ಹೇಳಿ ಅವರನ್ನೇ ಮತ್ತೆ ಒಳಗೆ ಕರೆಸಿದ.

“ನೋಡ್ರಿ, ನೌಕರಿ ನಿಮ್ದ ಅಂತ ಮೇಡಂ ಹೇಳಾಕತ್ತಾರ. ನಂದೇನೂ ತಕರಾರಿಲ್ಲ. ಆದ್ರ ಸಂಸ್ಥಾದ ಪದ್ಧತಿ ಒಂದ ಐತಿ. ಇನ್ನೊಮ್ಮೆ ಬಾಗಲದಿಂದ ಬರ್ರಿ.”

ಅವರಿಗೆ ಅರ್ಥವಾಯಿತು. ನನ್ನ ಕಡೆ ಒಮ್ಮೆ ನೋಡಿದರು. ಬೇಡ ಅಂತ ನಾನು ತಲೆ ಅಲ್ಲಾಡಿಸಿದೆ. ಅವರು ಬಾಗಿಲ ತನಕ ಹೋಗಿ, ತಿರುಗಿ ಬಂದು, ಒಂದು ಕೈಯನ್ನು ಮೊಣಕಾಲಿಗೆ ಊರಿಕೊಂಡು ಬಾಗಿದರು. ಅಧ್ಯಕ್ಷ “ಛಲೋ ಆತು” ಎಂದ. ಅವರು ಏಳುವಾಗ ಮೇಜಿನ ಅಂಚು ಹಿಡಿದರು. “ಬೇಸರಾ ಮಾಡ್ಕೊಬ್ಯಾಡ್ರಿ ಮೇಡಂ, ವರ್ಷಾ ವರ್ಷಾ ಹಿಂಗ ಅಲೆದು ಸಾಕಾಗೇತಿ” ಎಂದು ನನಗೊಬ್ಬಳಿಗೇ ಕೇಳುವಷ್ಟು ಹೇಳಿ ಹೊರಟುಹೋದರು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಅವತ್ತೂ ಇರಲಿಲ್ಲ. ಚಾಚಿದ ಆ ಕಾಲನ್ನು ನೆನೆದರೆ ಮಾತ್ರ ಇವತ್ತಿಗೂ ಹಲ್ಲು ಕಚ್ಚುತ್ತೇನೆ.

ಸಹಿ ಮಾಡದೆ ಎದ್ದು ಹೋಗಬೇಕೆನಿಸಿತು. ಮಾಡದಿದ್ದರೆ ಅವರು ಬಾಗಿದ್ದೂ ದಂಡ, ನೌಕರಿಯೂ ಇಲ್ಲ. ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದೆ.

ಅಧ್ಯಕ್ಷ ಆಗ ಎದ್ದು ನಿಂತ. ಕಾಲು ಜೋಡಿಸಿ, ಎರಡೂ ಕೈ ಎತ್ತಿ, ತಲೆ ಬಾಗಿಸಿ “ನಮಸ್ಕಾರ್ರಿ ಮೇಡಂ, ಮುಂದಿನ ಸಲಾನೂ ಬರ್ರಿ” ಎಂದ. ಅಂದರೆ ಅವನಿಗೆ ಕ್ರಮವೆಲ್ಲವೂ ಗೊತ್ತಿತ್ತು.

ಮುಗಿದ ಕೈಗೆ ಕೈ ಮುಗಿಯದೆ ನಾನು ಯಾರ ಎದುರಿನಿಂದಲೂ ಹೋದವಳಲ್ಲ. ಅವತ್ತು ಹೋದೆ.