ಕವರ್ ಲೆಟರಿನಲ್ಲಿ ಅತ್ತೆಯ ಡ್ರೈವಿಂಗ್ ಸ್ಕೂಲ್

ಅವಳಿಗೆ ಗೊಣಗಿ ಎಂದು ಹೆಸರಿಟ್ಟವಳು ಅತ್ತೆ. ಲೆಕ್ಕ ಮಾಡುವಾಗಲೂ, ಓದುವಾಗಲೂ, ರಸ್ತೆ ದಾಟುವಾಗಲೂ ತುಟಿಯೊಳಗೇ ಏನಾದರೊಂದು ಹೇಳಿಕೊಳ್ಳುವ ಅಭ್ಯಾಸ ಅವಳದು. ಯಾರ ಮೇಲಿನ ಸಿಟ್ಟೂ ಅಲ್ಲ ಅದು, ಯೋಚನೆ ಅವಳಿಗೆ ಬಾಯಿಯ ಮೂಲಕವೇ ಹಾಯಬೇಕು, ಅಷ್ಟೇ. ಕಾಮರ್ಸ್ ಡಿಗ್ರಿ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಅತ್ತೆಯ ಡ್ರೈವಿಂಗ್ ಸ್ಕೂಲಿನ ಫೋನ್ ಎತ್ತುತ್ತ ಕೂತಿದ್ದಳು. ಅಪ್ಪನ ಈ ತಂಗಿ ಎರಡು ಕಾರು ಇಟ್ಟುಕೊಂಡು ಹೆಂಗಸರಿಗೆ ಮಾತ್ರ ಡ್ರೈವಿಂಗ್ ಕಲಿಸುತ್ತಿದ್ದಳು. ಆಫೀಸು ಎಂದರೆ ಟೈರ್ ಅಂಗಡಿಯ ಮೇಲಿನ ಒಂದು ಕೋಣೆ. ಒಂದು ಮೇಜು, ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಚಾರ್ಟು, ಕೆಳಗಿನಿಂದ ಸದಾ ಏರಿ ಬರುವ ರಬ್ಬರ್ ವಾಸನೆ.

ಫೋನ್ ಹೆಚ್ಚು ಬರುತ್ತಿರಲಿಲ್ಲ. ಎರಡು ಬೀದಿಯಾಚೆ ಹಳದಿ ಕಾರುಗಳ ದೊಡ್ಡ ಸ್ಕೂಲು ತೆರೆದ ಮೇಲಂತೂ ಇನ್ನೂ ಕಡಿಮೆ. ಬಿಡುವಿನಲ್ಲಿ ಗೊಣಗಿ ಆನ್‌ಲೈನ್ ಜಾಹೀರಾತಿನ ಕೋರ್ಸ್ ಒಂದಕ್ಕೆ ಸೇರಿಕೊಂಡಳು. ಹುಡುಕುವವರ ಕಣ್ಣಿಗೆ ಬೀಳುವಂತೆ ಹಣ ಕೊಟ್ಟು ಜಾಹೀರಾತು ಹಾಕುವುದು, ಒಬ್ಬೊಬ್ಬರು ಒತ್ತಿದಾಗಲೂ ಎಷ್ಟು ಹೋಯಿತು, ಏನು ಬಂತು ಎಂದು ನೋಡುವುದು, ಇದೇ ಅದರ ಪಾಠ. ಕೋರ್ಸ್ ಮುಗಿದಾಗ, "ಅತ್ತೆ, ನಮ್ಮ ಸ್ಕೂಲಿಗೇ ಒಂದು ಸಣ್ಣ ಕ್ಯಾಂಪೇನ್ ಮಾಡಿ ನೋಡ್ಲಾ?" ಎಂದು ಕೇಳಿದಳು. ಅತ್ತೆ ಅದನ್ನು ಸೋದರಸೊಸೆಯ ಕಲಿಕೆಗೆ ಕೊಡುವ ದಕ್ಷಿಣೆ ಎಂದುಕೊಂಡೇ ಒಪ್ಪಿದಳು. "ಹೋದ್ರೆ ಹೋಗ್ಲಿ. ಆದ್ರೆ ಪೂರ್ತಿ ಕೈ ಸುಟ್ಕೋಬೇಡ."

ಮೊದಲ ವಾರ ಕೈ ಸುಟ್ಟಿತು. ಜಾಹೀರಾತು ಒತ್ತಿದವರು ಯಾರು ಎಂದು ನೋಡಿದರೆ, ಡ್ರೈವರ್ ಕೆಲಸ ಹುಡುಕುವವರು, ಕಾರಿನ ಗೇಮ್ ಆಡುವ ಮಕ್ಕಳು. ಅಂಥ ಮಾತುಗಳನ್ನೆಲ್ಲ ಬೇಡದ ಪದಗಳ ಪಟ್ಟಿಗೆ ಸೇರಿಸಿದಳು. ಫೋನ್ ಎತ್ತಲು ತಾನಿರುವ ಹೊತ್ತಿನಲ್ಲಿ ಮಾತ್ರ ಜಾಹೀರಾತು ಕಾಣುವಂತೆ ಮಾಡಿದಳು. ಮೂರನೆಯ ವಾರದ ಹೊತ್ತಿಗೆ ಫೋನ್ ಬಡಿದುಕೊಳ್ಳತೊಡಗಿತು. ಅದರಲ್ಲೊಂದು ಸೋಜಿಗ ಕಂಡಿತು. ಕರೆ ಮಾಡಿದವರಲ್ಲಿ ಅರ್ಧದಷ್ಟು ಜನ ಹುಡುಕಿದ್ದು ಒಂದೇ ಬಗೆಯ ಮಾತು: ಲೈಸೆನ್ಸ್ ಇದೆ, ಕಾರು ಓಡಿಸೋಕೆ ಭಯ. ಹಾಗೆ ಹುಡುಕಿದವರಿಗೆ ಜಾಹೀರಾತು ತೋರಿಸುವವರು ಬೇರೆ ಯಾರೂ ಇರಲಿಲ್ಲ, ಆದ್ದರಿಂದ ಅಗ್ಗ. ಅತ್ತೆ ತಕ್ಷಣ ಅವರಿಗೆಂದೇ ಬೇರೆ ತರಗತಿ ಶುರುಮಾಡಿದಳು. ಹೊಸಬರಿಗೆ ಕ್ಲಚ್ ಹೇಳಿಕೊಡುವುದಕ್ಕಿಂತ ಹೆದರಿದವರ ಪಕ್ಕ ಸುಮ್ಮನೆ ಕೂರುವುದು ಅತ್ತೆಗೆ ಚೆನ್ನಾಗಿ ಬರುತ್ತಿತ್ತು. ನಿಂತೇ ಇದ್ದ ಎರಡನೆಯ ಕಾರು ಮತ್ತೆ ಬೀದಿಗಿಳಿಯಿತು.

ಆಗಲೇ ಒಂದು ಜಾಹೀರಾತು ಏಜೆನ್ಸಿಯವರು ಜೂನಿಯರ್ ಪೇಯ್ಡ್ ಮೀಡಿಯಾ ಕೆಲಸಕ್ಕೆ, ಎಂದರೆ ಇಂಥದೇ ಹಣ ಕೊಟ್ಟು ಹಾಕುವ ಜಾಹೀರಾತಿನ ಕೆಲಸಕ್ಕೆ, ಜನ ಬೇಕು, ಫ್ರೆಶರ್‌ಗಳೂ ಅರ್ಜಿ ಹಾಕಬಹುದು ಎಂದು ಪ್ರಕಟಿಸಿದ್ದು. ಗೊಣಗಿ ಕವರ್ ಲೆಟರ್ ಬರೆಯಲು ಕೂತಳು. ಕೋರ್ಸಿನವರು ಕೊಟ್ಟ ಮಾದರಿಯಲ್ಲಿ ಉತ್ಸಾಹ, ಛಲ, ಕನಸು ಎಲ್ಲ ಧಾರಾಳವಾಗಿದ್ದವು. ಅವನ್ನೆಲ್ಲ ಅಳಿಸಿದಳು. ಉಳಿದದ್ದು ಒಂದು ಪುಟಕ್ಕೂ ಕಡಿಮೆ:

"ನನಗೆ ಕೆಲಸದ ಅನುಭವವಿಲ್ಲ. ಮಾಡಿರುವುದು ಒಂದೇ ಅಭ್ಯಾಸದ ಕ್ಯಾಂಪೇನ್, ಅದೂ ಎರಡು ಕಾರಿನ ಡ್ರೈವಿಂಗ್ ಸ್ಕೂಲಿಗೆ. ಮೊದಲ ವಾರದ ಹಣ ಬಹುಪಾಲು ನನ್ನ ತಪ್ಪಿನಿಂದಲೇ ವ್ಯರ್ಥವಾಯಿತು. ಆಮೇಲೆ ಏನು ತಿದ್ದಿದೆ ಎಂಬುದನ್ನು ಕೆಳಗೆ ಬರೆದಿದ್ದೇನೆ. ಒಂದು ನಿಮಿಷಕ್ಕಿಂತ ಹೆಚ್ಚು ಮಾತು ನಡೆದ ಕರೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೇನೆ. ಅರ್ಧದಷ್ಟು ಕರೆಗಳು ನಾನು ಊಹಿಸಿರದ ಒಂದೇ ಬಗೆಯ ಹುಡುಕಾಟದಿಂದ ಬಂದವು."

ಸುಳ್ಳಲ್ಲ ಎಂದು ಅವರಿಗೆ ಗೊತ್ತಾಗಲಿ ಅಂತ ಸ್ಕೂಲಿನ ಹೆಸರನ್ನೂ ಹಾಕಿದಳು. ಅತ್ತೆಯನ್ನು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಏಜೆನ್ಸಿಯಿಂದ ಕರೆ ಬಂತು. ಲ್ಯಾಪ್‌ಟಾಪ್ ತನ್ನಿ, ಕ್ಯಾಂಪೇನ್ ತೆರೆದು ತೋರಿಸಬೇಕಾಗುತ್ತದೆ ಎಂದರು.

ಏಜೆನ್ಸಿಯ ಮೀಟಿಂಗ್ ರೂಮಿಗೆ ಮೂರು ಕಡೆ ಗಾಜು, ಒಂದು ಕಡೆ ಬಿಳಿ ಬೋರ್ಡು. ಕಾಯುತ್ತ ಕೂತವಳ ಕಣ್ಣು ಬೋರ್ಡಿನ ಮೇಲೆ ಓಡಿತು. ಯಾವ ಕ್ಲೈಂಟಿನ ಕೆಲಸ ಯಾರ ತಲೆಯ ಮೇಲೆ ಎಂದು ಬರೆದಿದ್ದರು. ಸೋಫಾ ಅಂಗಡಿ, ಹಲ್ಲಿನ ಆಸ್ಪತ್ರೆ, ಅದರ ಕೆಳಗೆ ಹಳದಿ ಕಾರಿನವರ ಹೆಸರು. ಅವಳು ಆ ಹೆಸರನ್ನು ಇನ್ನೊಮ್ಮೆ ಓದಿದಳು. ಅಷ್ಟರಲ್ಲಿ ಇಬ್ಬರು ಒಳಗೆ ಬಂದರು. ಒಬ್ಬಳು ಮೀಡಿಯಾ ಮ್ಯಾನೇಜರ್, ಕನ್ನಡಕವನ್ನು ತಲೆಗೇರಿಸಿಕೊಂಡ ನಡುವಯಸ್ಸಿನ ಹೆಂಗಸು. ಇನ್ನೊಬ್ಬ ಕ್ಲೈಂಟ್‌ಗಳ ಜೊತೆ ಮಾತುಕತೆ ನೋಡಿಕೊಳ್ಳುವ ಅಕೌಂಟ್ ಮ್ಯಾನೇಜರ್. ಅವನ ಕೈಯಲ್ಲಿ ಅವಳ ಪತ್ರದ ಪ್ರಿಂಟ್ ಇತ್ತು. ಕೊನೆಯ ಸಾಲಿನ ಸುತ್ತ ಪೆನ್ನಿನಲ್ಲಿ ಒಂದು ಸುತ್ತು ಹಾಕಿದ್ದ.

ಮೊದಲು ಕೇಳಿದವಳು ಮೇಡಂ. "ಕರೆಗೆ ಒಂದು ನಿಮಿಷದ ಗೆರೆ ಯಾಕೆ?"

"ಅರ್ಧ ನಿಮಿಷದವೆಲ್ಲ ರಾಂಗ್ ನಂಬರ್, ಇಲ್ಲಾ ಬರೀ ಫೀಸ್ ಕೇಳಿ ಇಡೋರು ಮೇಡಂ. ಫೋನ್ ಎತ್ತಿದ್ದು ನಾನೇ, ಅದಕ್ಕೆ ಗೊತ್ತಾಯ್ತು."

"ಅವರಲ್ಲಿ ಸೇರಿದವರು?"

"ಮೂರರಲ್ಲಿ ಒಬ್ಬರು. ಅದನ್ನ ಪತ್ರದಲ್ಲಿ ಹಾಕಲಿಲ್ಲ. ಸೇರಿಸಿದ್ದು ಅತ್ತೆ, ಜಾಹೀರಾತಲ್ಲ."

ಮೇಡಂ ಮುಖದಲ್ಲಿ ನಗು ಬಂದಂತೆ ಕಂಡು ಹೋಯಿತು. ಗೊಣಗಿಗೆ ಸ್ವಲ್ಪ ಉಸಿರು ಬಂತು. ಆಗ ಅವನು ಪತ್ರವನ್ನು ಮೇಜಿನ ಮೇಲೆ ಅವಳತ್ತ ತಿರುಗಿಸಿಟ್ಟ.

"ಆ ಒಂದೇ ಬಗೆಯ ಹುಡುಕಾಟ ಅಂದ್ರಲ್ಲ. ಅದು ಯಾವುದು? ಸರ್ಚ್ ಟರ್ಮ್ ರಿಪೋರ್ಟ್ ತೆಗೀರಿ, ನೋಡೋಣ."

ಯಾರು ಯಾವ ಮಾತು ಟೈಪ್ ಮಾಡಿ ಬಂದರು ಎಂಬುದೆಲ್ಲ ಇರುವ ಪುಟ ಅದು. ಲ್ಯಾಪ್‌ಟಾಪಿನಲ್ಲಿ ಅದು ಎರಡು ಕ್ಲಿಕ್ಕಿನ ದೂರದಲ್ಲಿತ್ತು. ಅವಳ ಬೆರಳು ಅಲ್ಲೇ ನಿಂತಿತು.

"ಬೋರ್ಡ್ ಮೇಲೆ ಒಂದು ಡ್ರೈವಿಂಗ್ ಸ್ಕೂಲ್ ಇದೆ ಸರ್."

"ಇದೆ. ಅದನ್ನ ನೋಡ್ಕೊಳ್ಳೋದು ನಾನೇ."

"ಅವರು ನಮ್ಮ ಪಕ್ಕದಲ್ಲೇ ಇರೋದು."

"ನೀವು ಮಾಡಿದ್ದು ಪ್ರಾಕ್ಟೀಸ್ ತಾನೇ? ಎರಡು ಕಾರಿನ ಸ್ಕೂಲಲ್ಲಿ ಅಷ್ಟೊಂದು ಗುಟ್ಟು ಏನಿರುತ್ತೆ? ಮಾಡಿದ್ದನ್ನ ತೋರಿಸಲ್ಲ ಅಂದ್ರೆ ಮಾಡಿದ್ದೀರ ಅಂತ ನಾವು ನಂಬೋದು ಹೇಗೆ?"

ಅವನ ಮಾತಿನಲ್ಲಿ ಅರ್ಧ ನಿಜವೂ ಇತ್ತು. "ಜಾಹೀರಾತಿನ ಅಕೌಂಟ್ ಅತ್ತೆಯದು. ಅವರನ್ನ ಕೇಳ್ಬೇಕು," ಎಂದಳು.

"ಕೇಳಿ. ಈಗಲೇ."

ಅವಳು ಕಾರಿಡಾರಿಗೆ ಬಂದಳು. ನೀರಿನ ಕ್ಯಾನಿನ ಪಕ್ಕ ನಿಂತು ಫೋನ್ ಮಾಡಿದಳು. ಅತ್ತೆ ಪಾಠದ ನಡುವೆ ಇದ್ದಳು. ಆಚೆ ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಿತ್ತು. ಗೊಣಗಿ ಒಂದೇ ಉಸಿರಿಗೆ ಎಲ್ಲ ಹೇಳಿದಳು.

ಅತ್ತೆ ಯಾರಿಗೋ ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದಳು. ಆಮೇಲೆ ಕೇಳಿದಳು, "ಸ್ಕೂಲಿನ ಹೆಸರು ಹಾಕಿದ್ಯಾ?"

"ಹಾಕ್ದೆ."

"ಒಂದು ಮಾತು ಕೇಳೋಕಾಗ್ಲಿಲ್ವಾ ನಿಂಗೆ?"

ಅತ್ತೆ ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಟಿಕ್ ಟಿಕ್ ಸದ್ದು ನಿಂತಿತು.

"ತೋರಿಸಿದ್ರೆ ಕೆಲಸ ಕೊಡ್ತಾರಾ?"

"ಗೊತ್ತಿಲ್ಲ. ತೋರಿಸದಿದ್ರೆ ಕೊಡಲ್ಲ ಅನ್ಸುತ್ತೆ."

"ಹಾಗಾದ್ರೆ ತೋರಿಸ್ಬಿಡು. ನಾನು ಹೇಗೋ ಮಾಡ್ಕೋತೀನಿ. ನೀನು ಈ ರಬ್ಬರ್ ವಾಸನೇಲೇ ಕೂತಿರೋದು ನಂಗೂ ಇಷ್ಟವಿಲ್ಲ." ಫೋನ್ ಇಟ್ಟಳು.

ಗೊಣಗಿ ಅಲ್ಲೇ ನಿಂತಳು. ಗಾಜಿನಾಚೆ ಅವನು ಗಡಿಯಾರ ನೋಡಿಕೊಳ್ಳುತ್ತಿದ್ದ. ಅತ್ತೆ ಬೇಡ ಎಂದಿದ್ದರೆ ಸುಲಭವಾಗುತ್ತಿತ್ತು, ಒಳಗೆ ಹೋಗಿ ಹಾಗೆಂದರೆ ಮುಗಿಯುತ್ತಿತ್ತು. ಈಗ ಅವಳ ಕೈಯಲ್ಲಿ ಒಪ್ಪಿಗೆ ಇತ್ತು. ಎರಡನೆಯ ಕಾರು, ಅದರಲ್ಲಿ ಹೆದರಿ ಕೂತ ಹೆಂಗಸರು, ಆ ಕಾರಿನ ಇನ್ನೂ ತೀರದ ಕಂತು ಎಲ್ಲ ಕಣ್ಣ ಮುಂದೆ ಬಂದವು. ಹಳದಿ ಕಾರಿನವರು ಆ ಮಾತಿಗೆ ಹಣ ಸುರಿದರೆ ಅತ್ತೆಯ ಪುಟ್ಟ ಜಾಹೀರಾತು ಅವರ ಕೆಳಗೆ ಎಲ್ಲಿ ಉಳಿದೀತು?

ಒಳಗೆ ಹೋದಳು. ಕೂರಲಿಲ್ಲ.

"ಏನಂದ್ರು?" ಎಂದ ಅವನು.

"ತೋರಿಸು ಅಂದ್ರು. ಆದ್ರೆ ನಾನು ತೋರಿಸಲ್ಲ ಸರ್. ಅವರು ನನ್ನ ಕೆಲಸದ ಯೋಚನೆ ಮಾಡಿ ಒಪ್ಕೊಂಡ್ರು, ಸ್ಕೂಲಿನ ಯೋಚನೆ ಮಾಡಿ ಅಲ್ಲ." ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. "ಸೆಟಿಂಗ್ಸ್ ತೋರಿಸ್ತೀನಿ. ಬೇಡದ ಪದಗಳ ಪಟ್ಟಿ ತೋರಿಸ್ತೀನಿ. ಏನೇನು ಯಾವತ್ತು ಬದಲಾಯಿಸಿದೆ ಅನ್ನೋದು ಅಕೌಂಟಲ್ಲೇ ದಾಖಲಾಗಿದೆ, ಅದನ್ನೂ ನೋಡಿ. ಆ ಒಂದು ಪುಟ ಬೇಡ."

ಅವನು ಕುರ್ಚಿಗೆ ಒರಗಿ ಮೇಡಂ ಕಡೆ ನೋಡಿದ. "ಇಂಥವರನ್ನ ತಗೊಂಡು ಏನ್ಮಾಡೋದು, ಹೇಳಿ."

ಮೇಡಂ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. "ಬದಲಾವಣೆಗಳ ದಾಖಲೆ ತೆಗೀರಿ," ಎಂದಳು. ಮೊದಲ ವಾರದಿಂದ ಒಂದೊಂದನ್ನೇ ನೋಡಿದಳು. ಆಮೇಲೆ ಹೆಸರು ತೆಗೆದ ಯಾವುದೋ ಅಕೌಂಟಿನ ಅಂಕಿಗಳನ್ನು ಕೊಟ್ಟು, ಹಣ ಎಲ್ಲಿ ಸೋರುತ್ತಿದೆ ಹೇಳಿ ಎಂದಳು. ಗೊಣಗಿ ಎರಡು ಸೋರಿಕೆ ಹಿಡಿದಳು. ದೊಡ್ಡದೊಂದು ಅವಳ ಕಣ್ತಪ್ಪಿಸಿತು. ಗ್ರಾಹಕರು ತುಂಬಿ ಕಳಿಸಿದ ಒಂದೇ ಅರ್ಜಿಯನ್ನು ಎರಡು ಸಲ ಎಣಿಸುತ್ತಿದ್ದರು, ಅದು ಅವಳಿಗೆ ಹೊಳೆಯಲಿಲ್ಲ. ಮೇಡಂ ಅದನ್ನು ತೋರಿಸಿಕೊಟ್ಟಳು.

ಸ್ಕೂಲಿಗೆ ವಾಪಸ್ ಬಂದವಳಿಗೆ ಕೆಲಸ ಕೈತಪ್ಪಿತು ಎಂಬುದರಲ್ಲಿ ಅನುಮಾನವಿರಲಿಲ್ಲ. ಅತ್ತೆಗೆ, "ತೋರಿಸಲಿಲ್ಲ," ಎಂದಷ್ಟೇ ಹೇಳಿದಳು. ಅತ್ತೆ, "ದಡ್ಡಿ," ಎಂದು ಕಾರಿನ ಕೀ ತೆಗೆದುಕೊಂಡು ಕೆಳಗಿಳಿದು ಹೋದಳು. ಆ ವಾರ ಪೂರ್ತಿ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಫೋನ್ ಬಡಿದಾಗಲೆಲ್ಲ ಗೊಣಗಿ ಮೊದಲ ಸದ್ದಿಗೇ ಕೈ ಚಾಚುತ್ತಿದ್ದಳು. ಎತ್ತಿದರೆ ಯಾರೋ ಫೀಸ್ ಕೇಳುವವರು.

ಕೊನೆಗೆ ಕರೆ ಮಾಡಿದ್ದು ಮೇಡಂ. ಆ ಹುದ್ದೆಗೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. "ನಮ್ಮಲ್ಲಿ ಎಲ್ಲರೂ ಒಪ್ಪಲಿಲ್ಲ. ಅದು ನಿಮಗೂ ಗೊತ್ತಿರುತ್ತೆ," ಎಂದಳು. ಆದರೆ ಸೋಫಾ ಅಂಗಡಿ, ಹಲ್ಲಿನ ಆಸ್ಪತ್ರೆಯ ಕೆಲಸಕ್ಕೆ ಮೂರು ತಿಂಗಳಿಗೆ ಒಬ್ಬರು ಬೇಕು, ಸಂಬಳ ಕಡಿಮೆ, ಮುಂದುವರಿಯುತ್ತದೆ ಎಂಬ ಭರವಸೆ ಇಲ್ಲ. ಡ್ರೈವಿಂಗ್ ಸ್ಕೂಲಿನ ತಂಡಕ್ಕೂ ಅವಳಿಗೂ ಸಂಬಂಧವಿರುವುದಿಲ್ಲ. "ಇನ್ನೊಂದು. ಇಲ್ಲಿರೋವರೆಗೆ ನಮ್ಮ ಕ್ಲೈಂಟಿನ ಎದುರಾಳಿಗೆ ನೀವು ಜಾಹೀರಾತು ಮಾಡೋ ಹಾಗಿಲ್ಲ. ಅತ್ತೆಯ ಅಕೌಂಟ್ ಅವರಿಗೇ ಒಪ್ಪಿಸಿ ಬನ್ನಿ."

ಸೇರುವ ಮುನ್ನ ಗೊಣಗಿ ಅತ್ತೆಗೆ ಎಲ್ಲ ಹೇಳಿಕೊಟ್ಟಳು. ದಿನದ ಮಿತಿ ಎಲ್ಲಿ, ನಿಲ್ಲಿಸುವುದು ಹೇಗೆ, ಬೇಡದ ಪದ ಸೇರಿಸುವುದು ಹೇಗೆ. ಅತ್ತೆ ಕಲಿಸುವುದರಲ್ಲಿ ಎಷ್ಟು ತಾಳ್ಮೆಯವಳೋ ಕಲಿಯುವುದರಲ್ಲಿ ಅಷ್ಟೇ ಸಿಡುಕಿ. "ನಿಧಾನಕ್ಕೆ ಹೇಳು, ನಾನೇನು ನಿನ್ನ ಹಾಗೆ ಸರ್ಟಿಫಿಕೇಟ್ ತಗೊಂಡಿದ್ದೀನಾ?" ಕೊನೆಗೆ ಗೊಣಗಿ ತನ್ನ ಹೆಸರನ್ನು ಅಕೌಂಟಿನಿಂದ ತೆಗೆದಳು.

ಎರಡು ತಿಂಗಳು ಕಳೆದ ಮೇಲೆ, ಊಟದ ಹೊತ್ತಿನಲ್ಲಿ ಅತ್ತೆ ಫೋನನ್ನು ಅವಳತ್ತ ಸರಿಸಿದಳು. ಕಾರು ಓಡಿಸೋಕೆ ಭಯ ಎಂದು ಹುಡುಕಿದ್ದಳು. ಮೇಲೆ ಹಳದಿ ಕಾರಿನವರು, ಕೆಳಗೆ ಅತ್ತೆ.

ಗೊಣಗಿಯ ಕೈಯ ತುತ್ತು ಅಲ್ಲೇ ನಿಂತಿತು. ಅವರ ಸ್ವಂತ ರಿಪೋರ್ಟಿನಲ್ಲೇ ಅವರಿಗೂ ಆ ಮಾತು ಇಂದಲ್ಲ ನಾಳೆ ಕಣ್ಣಿಗೆ ಬೀಳುತ್ತಿತ್ತು. ಅದು ಅವಳಿಗೆ ಗೊತ್ತು, ಅತ್ತೆಗೆ ಹೇಗೆ ಗೊತ್ತಾಗಬೇಕು? ತಾನೋ ಅವರ ಜಾಹೀರಾತು ನೋಡಿಕೊಳ್ಳುವ ಆಫೀಸಿನಲ್ಲೇ ದಿನಾ ಕೂತು ಬರುವವಳು.

"ಅತ್ತೆ, ನಾನು..."

"ನಿನ್ನ ಬಾಯಿಂದ ಹೋಗಿದ್ದಲ್ಲ ಅಂತ ಗೊತ್ತು ಬಿಡು. ಹೇಳೋಳಾಗಿದ್ರೆ ನಾನು ತೋರಿಸು ಅಂದಾಗ್ಲೇ ಹೇಳ್ತಿದ್ದೆ." ಅತ್ತೆ ಫೋನ್ ವಾಪಸ್ ಎಳೆದುಕೊಂಡಳು. "ಈಗ ನಾನು ಆ ಮಾತಿಗೆ ಜಾಹೀರಾತಿನ ರೇಟ್ ಏರಿಸ್ಬೇಕಾ, ಬೇಡ್ವಾ? ಅದು ಹೇಳು."

ಗೊಣಗಿಗೆ ಉತ್ತರ ಗೊತ್ತಿತ್ತು. "ಅದನ್ನ ನನ್ನ ಕೇಳ್ಬೇಡಿ ಅತ್ತೆ, ಆಫೀಸಲ್ಲಿ ಒಪ್ಕೊಂಡು ಬಂದಿದ್ದೀನಿ," ಎಂದಳು. ಅತ್ತೆ ಕನ್ನಡಕ ಹಾಕಿಕೊಂಡು, ತಟ್ಟೆ ಪಕ್ಕಕ್ಕೆ ಸರಿಸಿ, ಒಂದೇ ಬೆರಳಲ್ಲಿ ಅಕೌಂಟ್ ತೆರೆಯತೊಡಗಿದಳು.