ಮೂರು ಕೆಂಪು ಸುತ್ತು

ಈ ಪ್ರಸಂಗವನ್ನು ನಾನು ಮೂರು ಸಲ ಬರೆದು ಹರಿದಿದ್ದೇನೆ. ಮೂರು ಸಲವೂ ಅದು ಒಂದೇ ರೀತಿ ಬಂತು: ಅದೇ ಬೆಂಚು, ಅದೇ ಹಳದಿ ಗೋಡೆ, ಕಾರ್ಡಿನ ಮೇಲೆ ಅದೇ ಗೆರೆ. ಹಾಗೆ ಬಂತು ಎಂಬ ಕಾರಣಕ್ಕೇ ನನಗೆ ಅನುಮಾನ. ಒಂದೇ ತಲೆಯನ್ನು ಮೂರು ಸಲ ಕೇಳಿದರೆ ಅದು ಬೇರೆ ಏನು ಹೇಳೀತು? ಆ ಪಾಠ ಕಲಿತದ್ದೇ ಈ ಪ್ರಸಂಗದಲ್ಲಿ, ಆದ್ದರಿಂದ ಅದನ್ನು ಬರೆಯುವಾಗಲೇ ಮರೆಯುವುದು ಸರಿಯಲ್ಲ.

ಅಣೆಕಟ್ಟೆಯ ನೀರು ಹೊಳೆಸಾಲಿನ ಊರುಗಳಿಗೆ ಏರಿ ಎರಡೋ ಮೂರೋ ವರ್ಷವಾಗಿತ್ತು. ನಾನು ಜಮಖಂಡಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ ಮಾಡುತ್ತಿದ್ದೆ. ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಒಂದು ಫ್ರಿಜ್ಜು. ಬಸುರಿ ಹೆಂಗಸರು ಮೊದಲ ಸಲ ಬಂದಾಗ ಹಿಮೋಗ್ಲೋಬಿನ್, ರಕ್ತದ ಗುಂಪು, ಅವುಗಳ ಜೊತೆ ಎಚ್‌ಐವಿ ಕಾರ್ಡು. ಕಾರ್ಡಿನಲ್ಲಿ ಒಂದು ಗೆರೆ ಯಾವಾಗಲೂ ಮೂಡಬೇಕು, ಕಾರ್ಡು ಕೆಟ್ಟಿಲ್ಲ ಎಂಬುದಕ್ಕೆ. ಎರಡನೆಯದು ಮೂಡಬಾರದು. ಮೂಡಿದರೆ ಕೇಸ್ ಪೇಪರಿನ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಸುತ್ತು ಹಾಕುವುದು ನಮ್ಮಲ್ಲಿ ರೂಢಿ. ಹೆಸರು ಬರೆದರೆ ಯಾರಾದರೂ ಓದುತ್ತಾರೆ, ಸುತ್ತು ಯಾರಿಗೂ ತಿಳಿಯುವುದಿಲ್ಲ ಎಂದು ನನಗಿಂತ ಮುಂಚೆ ಇದ್ದವನು ಹೇಳಿಕೊಟ್ಟಿದ್ದ.

ಆ ದಿನ ಬಂದ ಹುಡುಗಿಗೆ ಇಪ್ಪತ್ತು ಇರಬಹುದು. ಐದು ತಿಂಗಳು. ಜೊತೆಗೆ ಅವಳ ಅತ್ತೆ. ಹಣೆಯಲ್ಲಿ ಬೀರೇಶ್ವರನ ಭಂಡಾರದ ಅರಿಶಿನ, ಹೆಗಲ ಮೇಲೆ ಕಂಬಳಿ. ಕುರಿ ಸಾಕುವ ಮನೆತನ. ಅವರ ಹಳೆಯ ಊರು ಬೀಳಗಿ ಕಡೆ ನೀರೊಳಗೆ ಹೋಗಿ, ಈಗ ಪುನರ್ವಸತಿಯ ಹೊಸ ಊರಲ್ಲಿ ಮನೆ. ವಿಳಾಸ ಕೇಳಿದಾಗ ಅತ್ತೆ ಹಳೆಯ ಊರಿನ ಹೆಸರನ್ನೇ ಹೇಳಿದಳು. ಎಲ್ಲರೂ ಹಾಗೆಯೇ ಹೇಳುತ್ತಿದ್ದರು, ನಾನೂ ಹಾಗೆಯೇ ಬರೆದುಕೊಳ್ಳುತ್ತಿದ್ದೆ.

ಎರಡನೆಯ ಗೆರೆ ತಡವಾಗಿ ಬಂತು. ಮೊದಲು ಏನೂ ಇರಲಿಲ್ಲ. ಆಮೇಲೆ ಬಿಳಿಯ ಒಳಗಿಂದ ಒಂದು ಗುಲಾಬಿ ನೆರಳು ಎದ್ದಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮುಳುಗಿದ ಮನೆಗಳ ಗೋಡೆಯ ತುದಿ ಹೀಗೆಯೇ ಕಾಣತೊಡಗುತ್ತದೆ. ಅಲ್ಲಿ ಏನೋ ಇದೆ ಎನ್ನಿಸುತ್ತದೆ, ಇಲ್ಲ ಎನ್ನಿಸುತ್ತದೆ, ನೋಡುತ್ತ ನೋಡುತ್ತ ಅದು ಗೋಡೆಯೇ ಆಗಿಬಿಡುತ್ತದೆ. ಅದೇ ಡಬ್ಬಿಯಿಂದ ಇನ್ನೊಂದು ಕಾರ್ಡು ತೆಗೆದು ಅದೇ ರಕ್ತ ಹಾಕಿದೆ. ಗೆರೆ ಬಂತು. ಮತ್ತೊಂದು. ಮತ್ತೆ ಬಂತು. ಮೂರು ಸಲ ಹೌದು ಎಂದ ಮೇಲೆ ಇನ್ನೇನಿದೆ ಎಂದುಕೊಂಡು ಮೂರು ಸುತ್ತು ಹಾಕಿದೆ. ಎಚ್ಚರಿಕೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಇತ್ತು.

ಪೇಪರನ್ನು ಡಾಕ್ಟರ್ ಮೇಡಂ ಕೋಣೆಗೆ ಒಯ್ಯುವಾಗ ಅತ್ತೆ ಬಾಗಿಲಲ್ಲಿ ಅಡ್ಡ ನಿಂತಿದ್ದಳು.

"ತಮ್ಮಾ, ಬ್ಯಾರೆದವರ ಕಾಗದದ ಮ್ಯಾಲ ಈ ಕೆಂಪು ಇಲ್ಲಲ್ಲ? ನಮ್ಮದಕ್ಕ ಮೂರು ಯಾಕ?"

"ಡಾಕ್ಟರ್ ಬಾಯಿ ಹೇಳ್ತಾರ ಬೇ."

"ನೀ ಹೇಳಬ್ಯಾಡ. ನಿನ್ನ ಮಾರಿ ಹೇಳಾಕತ್ತೈತಿ."

ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಮಂದೆಯಲ್ಲಿ ಯಾವ ಕುರಿಗೆ ಬಣ್ಣದ ಗುರುತು ಹಾಕುತ್ತಾರೆ, ಏಕೆ ಹಾಕುತ್ತಾರೆ ಎಂದು ತಿಳಿದವಳು. ಬೆಂಚಿನ ಮೇಲೆ ಸೊಸೆ ಸೆರಗು ಹಲ್ಲಲ್ಲಿ ಕಚ್ಚಿ ಕುಳಿತಿದ್ದಳು. ಈ ಕಾಗದ ಗಂಡನ ಕೈಗೆ ಹೋದರೆ ಅವಳು ಅಂದೇ ತವರಿನ ಬಸ್ಸು ಹತ್ತಬೇಕಾಗುತ್ತಿತ್ತು. ಹೊಟ್ಟೆಯಲ್ಲಿದ್ದದ್ದರ ಜೊತೆ. ಅದು ನಮ್ಮ ಮೂವರಿಗೂ ಗೊತ್ತಿತ್ತು.

ಮೇಡಂ ಇದೇ ಸೀಮೆಯವರು, ಬೈಯುವಾಗಲೂ ದನಿ ಏರಿಸುತ್ತಿರಲಿಲ್ಲ. ಅತ್ತೆಯನ್ನೂ ಸೊಸೆಯನ್ನೂ ಒಳಗೆ ಕರೆದು, ಸೊಸೆಯನ್ನು ನೋಡಿ, "ನಿಮ್ಮತ್ತಿ ಮುಂದ ಹೇಳಲ್ಯಾ?" ಎಂದು ಕೇಳಿದರು. ಅವಳು ಹೂಂ ಎಂದು ತಲೆ ಆಡಿಸಿದಳು. ಮೇಡಂ ನನ್ನ ಕಡೆ ತಿರುಗಿದರು.

"ಮೂರು ಸಲ ಯಾವುದರಾಗ ನೋಡಿದಿ?"

"ಅದ ಕಿಟ್‌ನ್ಯಾಗರಿ."

"ಅಂದ್ರ ಒಬ್ಬ ಸಾಕ್ಷಿದಾರನ್ನ ಮೂರು ಸಲ ಕಟಕಟಿ ಹತ್ತಿಸಿದಿ. ಮೂರು ಸಾಕ್ಷಿ ಆದವೇನು?"

ಅವರು ಖಾಲಿ ಹಾಳೆ ಎಳೆದುಕೊಂಡರು.

"ಹಿಂಗ ಹಿಡಿ. ಇಲ್ಲಿಗೆ ಬರೂ ಬಸುರಿ ಹೆಂಗಸರು ಸಾವಿರ ಮಂದಿ. ಅವರಾಗ ಖರೆ ರೋಗ ಇದ್ದವರು ನಾಕು ಮಂದಿ ಅನ್ನು. ಕಾರ್ಡ್ ನಾಕೂ ಮಂದಿನ್ನ ಹಿಡೀತು. ಛಲೋ. ಉಳದವರು ಎಷ್ಟು?"

"ಒಂಬೈನೂರಾ ತೊಂಬತ್ತಾರು."

"ಅವರಾಗ ನೂರಕ್ಕ ಒಬ್ಬರಿಗೆ ಕಾರ್ಡ್ ಸುಳ್ಳ ಗೆರಿ ತೋರಸ್ತೈತಿ ಅನ್ನು. ಎಷ್ಟಾತು?"

"ಹತ್ತರಿ, ಹತ್ತರ ಸನೇಕ."

"ನೀ ಕೆಂಪು ಸುತ್ತು ಹಾಕೂದು ಒಟ್ಟು ಹದಿನಾಕು ಮಂದಿಗೆ. ಖರೇನ ಇರೂದು ನಾಕು ಮಂದಿಗೆ. ಈಗ ಹೇಳು, ಬಾಗಲದಾಗ ನಿಂತು ಮಾರಿ ಸಣ್ಣದು ಮಾಡಿದೆಲ್ಲ, ಯಾರಿಗೆ ಮಾಡಿದಿ?"

ನೂರಕ್ಕೆ ತೊಂಬತ್ತೊಂಬತ್ತು ಸರಿ ಇರುವ ಕಾರ್ಡು, ಗೆರೆ ತೋರಿಸಿದಾಗ ಮೂರರಲ್ಲಿ ಒಂದು ಪಾಲೂ ಸರಿಯಾಗಿ ಹೇಳುವುದಿಲ್ಲ ಎಂದರೆ ನನ್ನ ತಲೆ ಒಪ್ಪಲಿಲ್ಲ. ಮೇಡಂ ಹಾಳೆ ತಿರುಗಿಸಿದರು. ಇದೇ ಕಾರ್ಡನ್ನು, ಸಾವಿರಕ್ಕೆ ನೂರು ಮಂದಿಗೆ ರೋಗವಿರುವ ಕಡೆ ಒಯ್ಯಿ ಎಂದರು. ಖರೆ ಗೆರೆ ನೂರು, ಸುಳ್ಳು ಒಂಬತ್ತು. ಅಲ್ಲಿ ಗೆರೆ ಬಂದರೆ ಬಹುಮಟ್ಟಿಗೆ ನಂಬಬೇಕು. ಗೆರೆ ಅದೇ, ಬಣ್ಣ ಅದೇ. ಬೇರೆಯಾದದ್ದು ಅದರ ಹಿಂದೆ ನಿಂತ ಜನ. ಕಾರ್ಡು ನೋಡುವ ಮೊದಲು ಎಷ್ಟು ನಂಬಬಹುದಿತ್ತೋ ಅಲ್ಲಿಂದ ಹೊರಡಬೇಕು. ಗೆರೆ ನಮ್ಮನ್ನು ಅಲ್ಲಿಂದ ಮುಂದಕ್ಕೆ ತಳ್ಳುತ್ತದೆ ಅಷ್ಟೆ, ಎತ್ತಿ ಕೊನೆಗೆ ಒಯ್ದು ಇಡುವುದಿಲ್ಲ. ಇದಕ್ಕೆ ಬೇಯ್ಸ್ ಪ್ರಮೇಯ ಎನ್ನುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಸೂತ್ರವಲ್ಲ. ಬೆಂಚಿನ ಹಿಂದಿನ ಹಳದಿ ಗೋಡೆಗೆ ಆನಿಕೊಂಡು ಹದಿನಾಲ್ಕು ಹೆಂಗಸರು ಸೆರಗು ಕಚ್ಚಿ ನಿಂತಿದ್ದರು. ಎಲ್ಲರ ಮುಖವೂ ಈ ಹುಡುಗಿಯದೇ. ಯಾವ ನಾಲ್ವರು ಎಂದು ನೋಡಿ ಹೇಳುವ ದಾರಿ ಇರಲಿಲ್ಲ.

"ಮೂರೂ ಸಲ ಯಾಕ ಬಂತರಿ ಹಂಗಾದ್ರ?" ಎಂದೆ.

"ಬಸುರಾದಾಗ ರಕ್ತದಾಗ ಏನೇನರ ಹುಟ್ಟತಾವು. ಅದರಾಗಿಂದ ಒಂದು ಈ ಕಾರ್ಡಿಗೆ ಅಂಟಕೊಳ್ಳೂದಾದ್ರ ಎಷ್ಟು ಸಲ ಹಾಕಿದ್ರೂ ಅಂಟಕೊಳ್ತೈತಿ. ಬ್ಯಾರೆ ನಮೂನಿ ಕಿಟ್ ಬೇಕು. ಹೊರಗ ದೊಡ್ಡ ಲ್ಯಾಬಿಗೆ ಕಳಸೂಣು." ಆ ಲ್ಯಾಬಿನ ಚೀಟಿಯಲ್ಲಿ, ಮೂರು ಸಲ ಗೆರೆ ಬಂದಿದೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಬರೆಯತೊಡಗಿದರು.

ಅತ್ತೆ ಮೇಜಿನ ಮೇಲೆ ಕೈ ಇಟ್ಟಳು.

"ಬಾಯಾರ, ಅದನ್ನ ಬರೀಬ್ಯಾಡ್ರಿ."

"ಯಾಕ?"

"ಕುರ್ಯಾಗ ಬ್ಯಾನಿ ಬಂತಂದ್ರ ನಾವು ಬೀರಪ್ಪನ ಗುಡ್ಯಾಗ ಕೇಳ್ತೇವ್ರಿ. ಒಬ್ಬ ಪೂಜಾರಿ ಹೇಳಿಕಿ ಮ್ಯಾಲ ಕುರಿ ಕಡಿಯೂದಿಲ್ಲ. ಬ್ಯಾರೆ ಊರ ಗುಡಿಗೆ ಹೋಗತೇವಿ. ಮದಲಿನ ಪೂಜಾರಿ ಏನಂದ ಅನ್ನೂದು ಎರಡನೇದವಗ ಹೇಳೂದಿಲ್ಲ. ಹೇಳಿದ್ರ ಅವನ ಮೈಯಾಗ ದೇವರು ಬರೂದಿಲ್ಲ, ಮದಲಿನ ಪೂಜಾರಿನ ಬರತಾನ." ನನ್ನ ಕಡೆ ನೋಡಿ, "ಇಷ್ಟ ಸಾಲಿ ಕಲತು ಇವಗ ಇದು ತಿಳೀಲಿಲ್ಲ ನೋಡ್ರಿ" ಎಂದಳು.

ಮೇಡಂ ನಕ್ಕರೋ ಇಲ್ಲವೋ ನೆನಪಿಲ್ಲ. ಚೀಟಿ ಹರಿದು ಹೊಸದು ಬರೆದರು, ಬರೀ ತಪಾಸಣೆಯ ಹೆಸರು ಮತ್ತು ಒಂದು ಸಂಖ್ಯೆ. ನಾನು ಹೊಸದಾಗಿ ರಕ್ತ ತೆಗೆದೆ. ಸೂಜಿ ಚುಚ್ಚುವಾಗ ಸೊಸೆ ಮೊದಲ ಸಲ ಮಾತಾಡಿದಳು: "ಬ್ಯಾರೆ ಕಿಟ್ಟೂ ಹೌದಂದ್ರ?"

ಮೇಡಂ ಸುಳ್ಳು ಹೇಳಲಿಲ್ಲ. "ಹೌದಂದ್ರ ನಂಬಬೇಕಾಗ್ತೈತಿ ಮಗಳ. ಆ ಹತ್ತು ಮಂದಿ ಸುಳ್ಳಿನವರಾಗ ಎರಡನೇ ಕಿಟ್ಟೂ ಹೌದನ್ನೂದು ಭಾಳ ಅಪರೂಪ. ಖರೆ ನಾಕು ಮಂದಿ ಹಂಗ ಉಳೀತಾರ. ಆದ್ರ ಕೂಸಿಗೆ ಬರದಂಗ ಔಷಧ ಐತಿ."

ಎರಡು ದಿನ ಕಾಯಬೇಕಿತ್ತು. ಅತ್ತೆ ಸೊಸೆಯನ್ನು ಊರಿಗೆ ಒಯ್ಯಲಿಲ್ಲ. ರಬಕವಿ-ಬನಹಟ್ಟಿಯ ನೆಂಟರ ಮನೆಯಲ್ಲಿ ಉಳಿದರು. ಮಗನಿಗೆ, ಮೈಯಲ್ಲಿ ರಕ್ತ ಕಡಿಮೆ ಇದೆ, ಸೂಜಿ ಮಾಡಿಸಬೇಕು ಎಂದು ಹೇಳಿಕಳಿಸಿದಳಂತೆ. ಆ ಮನೆಯ ಪಕ್ಕದಲ್ಲೇ ಮಗ್ಗಗಳು, ಅವುಗಳ ಸದ್ದಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ, ಅದೇ ಚಲೋ ಆಯಿತು ಎಂದು ಆಮೇಲೆ ಅಂದಳು.

ಆ ಎರಡು ದಿನ ಕಾರಿಡಾರಿನಲ್ಲಿ ಹೋಗುವಾಗ ನಾನು ಹಳದಿ ಗೋಡೆಯ ಕಡೆ ನೋಡಲಿಲ್ಲ.

ಎರಡನೆಯ ಕಿಟ್ಟು ಇಲ್ಲ ಎಂದಿತು. ಆ ಲ್ಯಾಬಿನವರು ಮೂರನೆಯ ನಮೂನೆಯದರಲ್ಲೂ ನೋಡಿದ್ದರು. ಅದೂ ಇಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ತೆಗೆದಾಗಲೂ ಇಲ್ಲವೆಂದೇ ಬಂತು. ಆದರೆ ಮೊದಲ ಉತ್ತರ ಬಂದ ದಿನವೇ ಸೊಸೆ ಲ್ಯಾಬಿನ ಬಾಗಿಲಿಗೆ ಬಂದು ಕೇಳಿದಳು:

"ಅಣ್ಣಾರ, ನಿಮ್ಮದು ಮೂರು ಸಲ ಹೌದಂತು. ಅವರದು ಎರಡು ಸಲ ಇಲ್ಲಂತು. ಹೆಚ್ಚು ಯಾವುದರಿ?"

"ನಂದು ಮೂರಲ್ಲವ್ವಾ. ಒಂದ."

ಅವಳು ನಗಲಿಲ್ಲ. ಅತ್ತೆ ಕೇಸ್ ಪೇಪರು ಕೇಳಿ ಪಡೆದು, ಸೊಂಟದ ಚೀಲದಿಂದ ಚಿಟಿಕೆ ಭಂಡಾರ ತೆಗೆದು ಮೂರು ಸುತ್ತಿನ ಮೇಲೆ ತಿಕ್ಕಿದಳು. ಕೆಂಪು ಹೋಗಲಿಲ್ಲ, ಹಳದಿಯ ಕೆಳಗೆ ಇನ್ನಷ್ಟು ಗಾಢವಾಯಿತು. ಆಗ ಆ ಮೂಲೆಯನ್ನೇ ಹರಿದು ಮಡಚಿ ಚೀಲಕ್ಕೆ ಹಾಕಿಕೊಂಡಳು. ಇಬ್ಬರೂ ಬಸ್ಸಿಗೆ ಹೋದರು, ಹೊಸ ಊರಿಗೆ, ಒಟ್ಟಿಗೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನೆನಪು ಇಲ್ಲಿಗೇ ನಿಲ್ಲಲು ಇಷ್ಟಪಡುತ್ತದೆ.

ಆದರೆ ಅಂದು ಸಂಜೆ ನಾನು ಹಳೆಯ ರಿಜಿಸ್ಟರು ತೆಗೆದೆ. ನಾನು ಸೇರಿದಂದಿನಿಂದ, ನನಗಿಂತ ಮುಂಚಿನವನ ಕಾಲದಿಂದಲೂ, ಒಂದೇ ಕಿಟ್ಟಿನ ಮೇಲೆ ಹಾಕಿದ ಕೆಂಪು ಸುತ್ತುಗಳು ಪುಟದಿಂದ ಪುಟಕ್ಕೆ ಇದ್ದವು. ಅವರಲ್ಲಿ ಕೆಲವರನ್ನು ಮುಂದಿನ ತಪಾಸಣೆಗೆ ಕಳಿಸಿದ್ದರು, ಬಹಳ ಮಂದಿ ಸುತ್ತು ನೋಡಿದ ಮೇಲೆ ತಿರುಗಿ ಬಂದಿರಲಿಲ್ಲ. ಅವರನ್ನು ಮನೆಯವರು ಎಲ್ಲಿಗೆ ಕಳಿಸಿದರೋ, ಯಾರಿಗೆ ಗೊತ್ತು. ಹದಿನಾಲ್ಕರಲ್ಲಿ ಹತ್ತು ಎಂಬುದು ಅಂದಾಜಿನ ಲೆಕ್ಕ, ಮೇಡಂ ಹಾಗೆಂದೇ ಹೇಳಿದ್ದರು. ಆದರೂ ಪ್ರತಿ ಸುತ್ತಿನೊಳಗಿಂದ ಯಾರೋ ನನ್ನನ್ನು ನೋಡುತ್ತಿದ್ದರು.

ಮತ್ತೆ ತಪಾಸಣೆಗೆ ಕರೆಯಲೆಂದು, ತಿರುಗಿ ಬಾರದವರಲ್ಲಿ ಒಂದೇ ಊರಿನ ಆರು ಮಂದಿಯ ವಿಳಾಸ ಚೀಟಿಯಲ್ಲಿ ಬರೆದುಕೊಂಡು, ಮೇಡಂ ಒಪ್ಪಿಗೆ ಪಡೆದು, ಒಂದು ರವಿವಾರ ಗಲಗಲಿ ಕಡೆಯ ಬಸ್ಸು ಹತ್ತಿದೆ. ಕಂಡಕ್ಟರಿಗೆ ಊರಿನ ಹೆಸರು ಹೇಳಿದೆ. ಅವನು ಟಿಕೆಟ್ ಹರಿಯದೆ ನನ್ನ ಮುಖ ನೋಡಿದ.

"ಆ ಊರು ಎಲ್ಲೈತಿ ಸರ? ನೀರಾಗ ಹೋಗೇತಿ. ಮಂದಿ ಯಾವ್ಯಾವ ಕಡೆ ಹೋದರೋ."

ಹೊಳೆಯ ದಂಡೆಯಲ್ಲಿ ಇಳಿದೆ. ನೀರು ತುಂಬಿತ್ತು, ಗಾಳಿ ಇರಲಿಲ್ಲ. ಚೀಟಿಯಲ್ಲಿದ್ದ ಆರು ಹೆಂಗಸರ ಮನೆಗಳು ಅದರ ಕೆಳಗೆ ಎಲ್ಲೋ ಇದ್ದವು. ಬಹಳ ಹೊತ್ತು ನೋಡಿದ ಮೇಲೆ ನೀರಿನ ನಡುವೆ ಒಂದು ಗೆರೆ ಮೂಡಿದಂತಾಯಿತು. ಗೋಡೆಯೋ, ನೋಡುತ್ತಲೇ ಇದ್ದ ನನ್ನ ಕಣ್ಣೋ. ಪಕ್ಕದಲ್ಲಿ ಬಲೆ ಬಿಡಿಸುತ್ತಿದ್ದವನನ್ನು ಕರೆದೆ. ಏನು ಕಂಡೆ ಎಂದು ಅವನಿಗೆ ಹೇಳಲಿಲ್ಲ.

"ಅಲ್ಲಿ ನೋಡು," ಎಂದೆ. "ಏನರ ಕಾಣ್ತೈತೇನು?"